ರಾಜೀನಾಮೆ ಪತ್ರಕ್ಕೆ ರಜಾ ಅರ್ಜಿಯ ಕನ್ನಡ ಬೇಡ

ಹೋದ ವರ್ಷ ಜೂನ್ ಕೊನೆಯಲ್ಲಿ ಅಕ್ಕನ ಮಗಳು ಮನೆಗೆ ಬಂದಿದ್ದಳು. ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದವಳು. ಬೇರೆ ಕಡೆ ಕೆಲಸ ಸಿಕ್ಕಿತ್ತು. "ಮಾಮ, ರಾಜೀನಾಮೆ ಬರ್ದಿದೀನಿ, ಒಂದ್ಸಲ ನೋಡಿ. ಅಲ್ಲಿ ಎಲ್ಲಾ ಕನ್ನಡದಲ್ಲೇ ಕೊಡ್ಬೇಕು" ಅಂದಳು. ನಾನೂ ಇಪ್ಪತ್ತು ವರ್ಷದಿಂದ ಕಚೇರಿಯಲ್ಲಿ ಟಪಾಲು ನೋಡುವವನು. ದಿನಾ ಇಂಥ ಪತ್ರಗಳನ್ನೇ ಬಿಡಿಸಿ ಓದುತ್ತೇನೆ.

ಅವಳು ಬರೆದಿದ್ದು ಹೀಗಿತ್ತು:

"ಮಾನ್ಯ ಶ್ರೀಯುತ ಅಧ್ಯಕ್ಷರವರೇ, ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ನಾನು ನಿಮ್ಮ ಸಂಘದಲ್ಲಿ ಕೆಲಸ ನಿರ್ವಹಿಸುತ್ತಿದ್ದು, ಕಾರಣಾಂತರಗಳಿಂದ ರಾಜೀನಾಮೆ ನೀಡಲು ಇಚ್ಛಿಸಿರುತ್ತೇನೆ. ಆದ್ದರಿಂದ ತಾವು ದಯಮಾಡಿ ನನ್ನ ರಾಜೀನಾಮೆಯನ್ನು ಸ್ವೀಕರಿಸಿ ಆದಷ್ಟು ಬೇಗ ಬಿಡಬೇಕಾಗಿ ತಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯಳು."

ಇದನ್ನು ಓದಿದರೆ ಯಾರಿಗೂ ತಪ್ಪು ಕಾಣುವುದಿಲ್ಲ. ನಮ್ಮ ಕಿವಿಗೆ ಅಷ್ಟು ಒಗ್ಗಿಹೋಗಿದೆ. ಯಾಕಂದ್ರೆ ಇದು ಏಳನೇ ಕ್ಲಾಸಿನಲ್ಲಿ ಕಲಿತ ರಜಾ ಅರ್ಜಿ. ಜ್ವರ ಬಂದಿದೆ, ಎರಡು ದಿನ ರಜೆ ಕೊಡಿ ಅಂತ ಕೇಳಿಕೊಳ್ಳುವ ಪತ್ರ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವ ಔಪಚಾರಿಕ ಕನ್ನಡ ಅದೊಂದೇ. ಆದರೆ ರಜಾ ಅರ್ಜಿಯಲ್ಲಿ ನಾವು ಕೇಳುತ್ತೇವೆ. ರಾಜೀನಾಮೆಯಲ್ಲಿ ತಿಳಿಸುತ್ತೇವೆ. ಈ ಎರಡಕ್ಕೂ ಒಂದೇ ಕ್ರಿಯಾಪದ ಆಗುವುದಿಲ್ಲ.

"ನೀಡಲು ಇಚ್ಛಿಸಿರುತ್ತೇನೆ" ಅನ್ನುವುದನ್ನೇ ನೋಡಿ. ಇಚ್ಛೆ ಇದೆ ಅಂತ ಹೇಳಿದರೆ ಇನ್ನೂ ಕೊಟ್ಟಿಲ್ಲ ಅಂತಲೇ ಅರ್ಥ ಆಗಬಹುದು. ನನಗೇ ಆಗಿದ್ದು ಇದು. ಮೊದಲ ಕೆಲಸ ಬಿಡುವಾಗ ನಾನು ಹೀಗೇ ಬರೆದಿದ್ದೆ. ಹದಿನೈದು ದಿನ ಕಳೆದ ಮೇಲೆ ಕರೆದು, "ಇದು ನಿಮ್ಮ ಅಪೇಕ್ಷೆ ಅಷ್ಟೇ, ರಾಜೀನಾಮೆ ಎಲ್ಲಿದೆ?" ಅಂದರು. ಮತ್ತೆ ಬರೆದುಕೊಟ್ಟೆ. ನೋಟಿಸ್ ಅವಧಿಯನ್ನು ಆ ದಿನದಿಂದ ಎಣಿಸಿದರು. ಹೊಸ ಕಡೆಯವರು ಅಷ್ಟು ದಿನ ಕಾಯಲಿಲ್ಲ. ಆ ನೋವು ಈಗಲೂ ಇದೆ. ಅದಕ್ಕೇ ಯಾರೇ ಬಂದು ಕೇಳಿದರೂ ಮೊದಲು ಈ ಒಂದು ಪದ ತಿದ್ದುತ್ತೇನೆ. "ರಾಜೀನಾಮೆ ಸಲ್ಲಿಸುತ್ತಿದ್ದೇನೆ." ಸಾಕು. "ಸಲ್ಲಿಸು" ಅನ್ನುವುದರಲ್ಲೇ ಮೇಲಿನವರಿಗೆ ಕೊಡುವ ಗೌರವ ಇದೆ. "ಸಲ್ಲಿಸಿರುತ್ತೇನೆ" ಅಂತ ದೂರು ಬರೆಯುವ ಹಾಗೆ ಎಳೆಯುವುದೂ ಬೇಡ.

ಆಮೇಲೆ "ಸ್ವೀಕರಿಸಿ". ಟಪಾಲಿನಲ್ಲಿ ಕೂತವನಿಗೆ ಇದರ ವ್ಯತ್ಯಾಸ ಚೆನ್ನಾಗಿ ಗೊತ್ತು. ಕಾಗದ ಕೈಗೆ ಬಂತು ಅಂತ ನಾನು ಮೊಹರು ಹಾಕುವುದು ಸ್ವೀಕೃತಿ. ಅದನ್ನು ಅಧ್ಯಕ್ಷರೋ ಆಡಳಿತ ಮಂಡಳಿಯೋ ನೋಡಿ ಒಪ್ಪುವುದು ಅಂಗೀಕಾರ. ನಮಗೆ ಬೇಕಾಗಿರುವುದು ಎರಡನೆಯದು. ಹಾಗಾಗಿ "ಅಂಗೀಕರಿಸಿ" ಅಂತಲೇ ಬರೆಯಬೇಕು. ಜೊತೆಗೆ "ಬಿಡಬೇಕಾಗಿ" ಅಲ್ಲ, "ಕರ್ತವ್ಯದಿಂದ ಬಿಡುಗಡೆಗೊಳಿಸಬೇಕೆಂದು".

"ಬೇಡಿಕೊಳ್ಳುತ್ತೇನೆ" ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಬೇಡುವುದು ದೇವರ ಹತ್ತಿರ. ದುಡಿದ ಜಾಗದಿಂದ ಹೊರಡುವಾಗ "ಕೋರುತ್ತೇನೆ" ಅಥವಾ "ವಿನಂತಿಸುತ್ತೇನೆ" ಅಂದರೆ ಗೌರವವೂ ಉಳಿಯುತ್ತದೆ, ನಮ್ಮ ಬೆನ್ನೂ ಬಾಗುವುದಿಲ್ಲ. ಮೇಲೆ "ಕೇಳಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿ ಕೆಳಗೆ ಮತ್ತೆ "ಬೇಡಿಕೊಳ್ಳುತ್ತೇನೆ" ಅನ್ನುವುದು ಇನ್ನೊಂದು ತೊಂದರೆ. ಒಂದೇ ಮಾತನ್ನು ಎರಡು ಸಲ ಕೇಳಿದ ಹಾಗಾಗುತ್ತದೆ, ಮಧ್ಯದ ವಾಕ್ಯ ದಾರಿ ತಪ್ಪುತ್ತದೆ. ಆ ಶುರುವನ್ನೇ ತೆಗೆದುಬಿಡಿ.

ಇನ್ನು ತಾವು, ನೀವು. ಅವಳ ಪತ್ರದಲ್ಲಿ "ತಮ್ಮಲ್ಲಿ", "ನಿಮ್ಮ ಸಂಘ", ಮತ್ತೆ "ತಾವು" ಇತ್ತು. ಒಬ್ಬರನ್ನೇ ಒಂದೇ ಪತ್ರದಲ್ಲಿ ಎರಡು ಥರ ಕರೆಯಬಾರದು. "ನೀವು" ಅಂತ ಬರೆದರೆ ಅಗೌರವ ಏನೂ ಆಗುವುದಿಲ್ಲ. ಆದರೆ ಕಚೇರಿ ಪತ್ರದಲ್ಲಿ "ತಾವು" ರೂಢಿ. ಒಮ್ಮೆ ಹಿಡಿದರೆ ಕೊನೆಯವರೆಗೂ ಹಿಡಿಯಬೇಕು. ಒಂದು ಎಚ್ಚರ ಮಾತ್ರ ಇರಲಿ. "ತಮ್ಮ" ಅಂದರೆ ಓದುವವರದ್ದೂ ಆಗಬಹುದು, ವಾಕ್ಯದಲ್ಲಿರುವ ಮೂರನೆಯವರದ್ದೂ ಆಗಬಹುದು. "ಕಾರ್ಯದರ್ಶಿಗಳು ತಮ್ಮ ಬಳಿ ಇರುವ ಕೀಲಿ ಪಡೆದಿದ್ದಾರೆ" ಅಂತ ಅಧ್ಯಕ್ಷರಿಗೆ ಬರೆದರೆ ಕೀಲಿ ಯಾರ ಹತ್ತಿರ ಇತ್ತು? ಹಣ, ಕಡತ, ಕೀಲಿ ವಿಷಯ ಬಂದಾಗ ಪದನಾಮವನ್ನೇ ಬರೆಯುವುದು ಒಳ್ಳೆಯದು.

ಸಂಬೋಧನೆಗೆ "ಮಾನ್ಯರೇ" ಒಂದೇ ಸಾಕು. ಗಂಡಸರಿಗೂ ಹೆಂಗಸರಿಗೂ ನಡೆಯುತ್ತದೆ. ಮಾನ್ಯ, ಶ್ರೀಯುತ, ರವರೇ ಅಂತ ಒಂದರ ಮೇಲೊಂದು ಪೇರಿಸಿದರೆ ಗೌರವ ಜಾಸ್ತಿ ಆಗುವುದಿಲ್ಲ. ಮೇಲೆ ವಿಳಾಸದಲ್ಲಿ "ಇವರಿಗೆ" ಅಂತ ಬರೆದು ಕೆಳಗೆ "ಅಧ್ಯಕ್ಷರು" ಅಂದರೆ ಗೌರವ ಬಹುವಚನದಲ್ಲೇ ಬಂದಿರುತ್ತದೆ. ವಿಳಾಸ ಯಾರ ಹೆಸರಿಗೆ ಅಂತ ಗೊತ್ತಾಗದಿದ್ದರೆ ನೇಮಕಾತಿ ಆದೇಶ ತೆಗೆದು ನೋಡಿ. ಅದಕ್ಕೆ ಸಹಿ ಹಾಕಿದ ಹುದ್ದೆಗೇ ರಾಜೀನಾಮೆ ಹೋಗಬೇಕು. ನಡುವೆ ಮೇಲಧಿಕಾರಿ ಇದ್ದರೆ "ಇವರ ಮೂಲಕ" ಅಂತ ಒಂದು ಸಾಲು ಸೇರಿಸುವುದು.

ಮುಕ್ತಾಯದಲ್ಲಿ "ವಿಧೇಯ" ಬರೆಯುವವರೇ ಜಾಸ್ತಿ. ಅದು ಶಾಲೆಯಿಂದಲೇ ಬಂದದ್ದು. ನನಗೆ "ತಮ್ಮ ವಿಶ್ವಾಸಿ" ಇಷ್ಟ. ಹೊರಡುವವರಿಗೆ ಆ ಪದ ಸರಿಹೋಗುತ್ತದೆ. ವಿಧೇಯತೆ ಮುಗಿದರೂ ವಿಶ್ವಾಸ ಉಳಿಯುತ್ತದೆ ಅಲ್ವಾ?

ಕಾರಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ವೈಯಕ್ತಿಕ ಕಾರಣಗಳಿಂದ" ಸಾಕು. ಸಂಬಳ ತಡ ಆಯಿತು, ಯಾರೋ ಬೈದರು ಅನ್ನುವುದಿದ್ದರೆ ಅದನ್ನು ಬೇರೆ ಪತ್ರದಲ್ಲಿ ಬರೆಯಿರಿ. ಪತ್ರದ ನಮೂನೆ ಅಷ್ಟೇನೂ ಮುಖ್ಯ ಅಲ್ಲ ಅನ್ನುವವರು 2019ರ ಜುಲೈ ನೆನಪು ಮಾಡಿಕೊಳ್ಳಲಿ. ಆಗ ನಮ್ಮ ಶಾಸಕರು ರಾಜೀನಾಮೆ ಕೊಟ್ಟಾಗ, ಅದರಲ್ಲಿ ಹಲವು ನಿಗದಿತ ನಮೂನೆಯಲ್ಲಿಲ್ಲ ಅಂತ ಸ್ಪೀಕರ್ ರಮೇಶ್ ಕುಮಾರ್ ಹೇಳಿದ್ದರು. ಮತ್ತೆ ಬರೆದುಕೊಡಬೇಕಾಯಿತು.

ದಿನಾಂಕ ಕೂಡ ಹಾಗೇ. "ಆದಷ್ಟು ಬೇಗ" ಅಂದರೆ ಯಾವಾಗ? ಅವಳ ಆದೇಶದಲ್ಲಿ ಒಂದು ತಿಂಗಳ ನೋಟಿಸ್ ಅಂತ ಇತ್ತು. ಪತ್ರದ ದಿನಾಂಕ 30-06-2025 ಹಾಕಿಸಿದೆ. ಜುಲೈ ಪೂರ್ತಿ ಕೆಲಸ ಮಾಡಿ 31ಕ್ಕೆ ಹೊರಡುವುದು. ಬರೀ "31-07-2025ರಿಂದ" ಅಂದರೆ ಆ ದಿನದ ಸಂಬಳ ಇದೆಯೋ ಇಲ್ಲವೋ ಅಂತ ಪ್ರಶ್ನೆ ಬರುತ್ತದೆ. ಸರ್ಕಾರಿ ಕಚೇರಿಯಲ್ಲಿ ಇದಕ್ಕೇ "ಅಪರಾಹ್ನ" ಅಂತ ಬರೆಯುತ್ತಾರೆ. ನಾವು "ಕಚೇರಿ ವೇಳೆ ಮುಗಿದ ನಂತರ" ಅಂತ ಬರೆದೆವು.

ಕೊನೆಗೆ ಅವಳು ಕೊಟ್ಟ ಪತ್ರ ಇದು:

"ಮಾನ್ಯರೇ,

ವಿಷಯ: ಲೆಕ್ಕ ಸಹಾಯಕಿ ಹುದ್ದೆಗೆ ರಾಜೀನಾಮೆ ಸಲ್ಲಿಸುವ ಬಗ್ಗೆ.
ಉಲ್ಲೇಖ: ನನ್ನ ನೇಮಕಾತಿ ಆದೇಶ (ಸಂಖ್ಯೆ, ದಿನಾಂಕ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವೈಯಕ್ತಿಕ ಕಾರಣಗಳಿಂದ ನಾನು ಲೆಕ್ಕ ಸಹಾಯಕಿ ಹುದ್ದೆಗೆ ಸ್ವಇಚ್ಛೆಯಿಂದ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಉಲ್ಲೇಖಿತ ಆದೇಶದಂತೆ ಒಂದು ತಿಂಗಳ ಮುಂಚಿತವಾಗಿ ಈ ಪತ್ರ ನೀಡಿದ್ದೇನೆ. ತಾವು ಇದನ್ನು ಅಂಗೀಕರಿಸಿ, ದಿನಾಂಕ 31-07-2025ರಂದು ಕಚೇರಿ ವೇಳೆ ಮುಗಿದ ನಂತರ ನನ್ನನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಬೇಕೆಂದು ಕೋರುತ್ತೇನೆ.

ನನ್ನ ವಶದಲ್ಲಿರುವ ಲೆಕ್ಕಪುಸ್ತಕ, ಕಡತ ಮತ್ತು ಕೀಲಿಗಳನ್ನು ಅಷ್ಟರೊಳಗೆ ಕಾರ್ಯದರ್ಶಿಗಳಿಗೆ ಒಪ್ಪಿಸುತ್ತೇನೆ. ನಾಲ್ಕು ವರ್ಷ ಕೆಲಸ ಕಲಿಯಲು ಅವಕಾಶ ನೀಡಿದ ತಮಗೂ ಆಡಳಿತ ಮಂಡಳಿಗೂ ಧನ್ಯವಾದಗಳು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ"

"ಮಾಮ, ಇದ್ರಲ್ಲಿ 'ದಯಮಾಡಿ' ಇಲ್ವಲ್ಲ, ಬೇಜಾರ್ ಮಾಡ್ಕೊಳಲ್ವಾ ಅಧ್ಯಕ್ಷರು?" ಅಂದಳು. "ಕೋರುತ್ತೇನೆ ಇದೆ, ಧನ್ಯವಾದ ಇದೆ. ಇನ್ನೇನು ಬೇಕು?" ಅಂದೆ. ಎರಡು ಪ್ರತಿ ತೆಗೆಸಿ ಕಳಿಸಿದೆ. ಒಂದು ಅವರಿಗೆ, ಇನ್ನೊಂದರ ಮೇಲೆ ಟಪಾಲಿನವರ ಮೊಹರು, ಸಹಿ, ದಿನಾಂಕ ಹಾಕಿಸಿಕೊಂಡು ಬಾ ಅಂತ. ಸಂಜೆ ಆ ಪ್ರತಿಯ ಫೋಟೋ ವಾಟ್ಸಾಪ್‌ನಲ್ಲಿ ಬಂತು. ನೇರಳೆ ಮೊಹರು, 30 ಜೂನ್.