ದಸರಾ ರೂಮಿನ ರೇಟು

ಹೋದ ದಸರಾಕ್ಕೆ ಅಕ್ಕ-ಭಾವ ತಿಂಗಳುಗಟ್ಟಲೆ ಮುಂಚೆಯೇ ಆ್ಯಪಿನಲ್ಲಿ 2,500 ರೂಪಾಯಿಗೆ ಮೈಸೂರಿನ ಒಂದು ಲಾಡ್ಜು ಬುಕ್ ಮಾಡಿದ್ದರು. ಜಂಬೂಸವಾರಿಯ ದಿನ ಹೋದರೆ, "ಆ ಬುಕಿಂಗ್ ನಮಗೆ ಬಂದೇ ಇಲ್ಲ ಸಾರ್, ಇವತ್ತು ಆರು ಸಾವಿರ" ಅಂದರಂತೆ. ದುಬೈನಲ್ಲಿ ಹೋಟೆಲ್ ರೂಮಿಗೆ ದರ ನಿಗದಿ ಮಾಡುವುದೇ ನನ್ನ ಕೆಲಸ. ಆರು ಸಾವಿರ ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಜುಲೈನಲ್ಲಿ ಕೇಳಬೇಕಾದ್ದನ್ನು ಲಗೇಜು ಹಿಡಿದು ನಿಂತವರ ಹತ್ತಿರ ಕೇಳಿದ್ದಕ್ಕೆ ಸಿಟ್ಟು.

ನಾವೇನು ಸಾಚಾಗಳಲ್ಲ. ಚಳಿಗಾಲದಲ್ಲಿ ದೊಡ್ಡ ವ್ಯಾಪಾರ ಮೇಳ ಇದ್ದರೆ ನಮ್ಮ ದರ ಬೇಸಿಗೆಯ ದುಪ್ಪಟ್ಟು ದಾಟುತ್ತದೆ. ಆದರೆ ಏರಿಸುವುದು ಗಿರಾಕಿಯ ಮುಖ ನೋಡಿ ಅಲ್ಲ, ಬುಕಿಂಗಿನ ವೇಗ ನೋಡಿ. ಬೆಳಗ್ಗೆ ಮೊದಲು ತೆಗೆಯುವುದೇ ಪಿಕಪ್ ರಿಪೋರ್ಟು: ಮುಂದಿನ ಒಂದೊಂದು ತಾರೀಖಿಗೂ ನಿನ್ನೆಯಿಂದ ಎಷ್ಟು ರೂಮು ಹೋಯಿತು, ಹೋದ ವರ್ಷ ಇಷ್ಟು ಹೊತ್ತಿಗೆ ಎಷ್ಟು ಹೋಗಿತ್ತು. ಮೂರು ತಿಂಗಳ ಮೊದಲೇ ಯಾವುದೋ ತಾರೀಖು ಅರ್ಧ ತುಂಬಿತೆಂದರೆ ದರ ಕಮ್ಮಿಯಾಗಿದೆ ಎಂದು ಅನುಮಾನ ಬರಬೇಕು. ಅವತ್ತೇ ಏರಿಸುತ್ತೇವೆ. ಅಷ್ಟರಲ್ಲಿ ಮಾರಿದ್ದನ್ನು ಮಾರಿದ ದರಕ್ಕೇ ಕೊಡುತ್ತೇವೆ.

ಆ ಲಾಡ್ಜಿಗೆ 40 ರೂಮು ಅಂದುಕೊಳ್ಳಿ. ಜುಲೈನಲ್ಲಿ ಒಬ್ಬ 2,500ಕ್ಕೆ ಕೇಳುತ್ತಾನೆ. ಕಾದರೆ 6,000 ಕೊಡುವವನು ಬಂದರೂ ಬರಬಹುದು. 2,500 ಅಂದರೆ 6,000ದ ಸುಮಾರು ಶೇ. 42. ಆ ರೂಮಿಗೆ ದುಬಾರಿ ಗಿರಾಕಿ ಸಿಗುವ ಸಾಧ್ಯತೆ ಶೇ. 42 ದಾಟಿದರೆ ಈಗ ಕೇಳಿದವನಿಗೆ ಇಲ್ಲವೆನ್ನಬೇಕು, ದಾಟದಿದ್ದರೆ ಕೊಟ್ಟುಬಿಡಬೇಕು. ವಿಮಾನದ ಸೀಟಿಗಾಗಿ ಕೆನ್ ಲಿಟಲ್‌ವುಡ್ 1972ರಲ್ಲಿ ಹೇಳಿದ ಲೆಕ್ಕ ಇದು. ದುಬಾರಿ ಗಿರಾಕಿಗಳು ಹತ್ತು ಜನ ಬರುವುದು ಗ್ಯಾರಂಟಿ, ನಲವತ್ತು ಜನ ಬರುವುದು ಅನುಮಾನ. ಹಾಗಾಗಿ ಕೆಲವನ್ನು ಅಗ್ಗಕ್ಕೆ ಬಿಟ್ಟು ಮಿಕ್ಕಿದ್ದನ್ನು ಹಿಡಿದಿಟ್ಟುಕೊಳ್ಳಬೇಕು. ನಮ್ಮೂರಿನ ಲಾಡ್ಜಿನವರು ಆ್ಯಪಿನಲ್ಲಿ ಇಡೀ ವರ್ಷಕ್ಕೆ ಒಂದೇ ದರ ಹಾಕಿ ಮರೆತುಬಿಡುತ್ತಾರೆ. ಬನ್ನಿಮಂಟಪದಲ್ಲಿ ಕುರ್ಚಿ ಜೋಡಿಸುವ ಹೊತ್ತಿಗೆ ಎಚ್ಚರವಾಗುತ್ತದೆ.

ಇನ್ನು ಕಮಿಷನ್. ಆ್ಯಪು ಶೇ. 20 ಹಿಡಿದರೆ 6,000ದಲ್ಲಿ ಕೈಗೆ ಬರುವುದು 4,800. ಫೋನ್ ಮಾಡಿದವರಿಗೆ 5,400ಕ್ಕೆ ಕೊಟ್ಟರೆ ಇಬ್ಬರಿಗೂ ಲಾಭ. ನಮ್ಮೂರಲ್ಲಿ ಫೋನ್ ಮಾಡಿ ನೋಡಿ, ಆ್ಯಪಿಗಿಂತ ಜಾಸ್ತಿಯೇ ಹೇಳುತ್ತಾರೆ!

ಆದರೂ ಒಂದು ಒಪ್ಪಿಕೊಳ್ಳಬೇಕು. ಅದೇ ರಸ್ತೆಯ ಇನ್ನೊಂದು ಲಾಡ್ಜಿನ ಯಜಮಾನರು ಹಾಸನ ಕಡೆಯ ವ್ಯಾಪಾರಿಯೊಬ್ಬರಿಗೆ ದಸರಾದಲ್ಲೂ ಮಾಮೂಲಿ ರೇಟೇ ಹಾಕುತ್ತಾರೆ. ನನ್ನ ಲೆಕ್ಕದಲ್ಲಿ ಅದು ಶುದ್ಧ ನಷ್ಟ. ಆದರೆ ಆ ವ್ಯಾಪಾರಿ ಮಳೆಗಾಲದ ಖಾಲಿ ದಿನಗಳಲ್ಲೂ ಬಂದು ಅಲ್ಲೇ ಇಳಿಯುತ್ತಾರೆ. ನಾವು ಕಂಪನಿಗಳಿಗೆ ವರ್ಷದ ರೇಟು ಕರಾರು ಮಾಡಿ, ಮೇಳದ ತಾರೀಖುಗಳಿಗೆ ಅದು ನಡೆಯದು ಅಂತ ಬರೆಸಿಕೊಳ್ಳುತ್ತೇವೆ. ಆಗಸ್ಟಿನ ಬಿಸಿಲಿನಲ್ಲಿ ಅದೇ ಕಂಪನಿಗಳಿಗೆ ಫೋನ್ ಮಾಡಿ ಬನ್ನಿ ಬನ್ನಿ ಅಂತ ಕರೆಯುವವರೂ ನಾವೇ.