ಅನಂತ್ ನಾಗ್ ಸರ್‌ಗೆ, ಸೋಮವಾರಪೇಟೆಯ ಕಾಫಿ ಕಣದಿಂದ

ಸರ್, ನಮಸ್ಕಾರ. ನನಗೆ ಹದಿನೇಳು ವರ್ಷ. ನಿಮಗೆ ಪದ್ಮಭೂಷಣ ಬಂದಾಗಲೇ ಬರೆಯಬೇಕೆಂದಿದ್ದೆ, ಪರೀಕ್ಷೆ ಅಡ್ಡ ಬಂತು.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ 2016ರಲ್ಲಿ ಬಂದಾಗ ನಾನು ತೀರಾ ಚಿಕ್ಕವಳು. ನೋಡಿದ್ದು ಕಳೆದ ಮಳೆಗಾಲದಲ್ಲಿ, ಟಿವಿಯಲ್ಲಿ. ಅದೂ ನಡುವೆ ಎರಡು ಸಲ ಕರೆಂಟು ಹೋಗಿ.

ನಮ್ಮ ಅಜ್ಜನಿಗೂ ನಿಮ್ಮ ವೆಂಕೋಬ ರಾವ್ ಅವರ ಹಾಗೆ ಮರೆವಿನ ಕಾಯಿಲೆ. ಸಂಜೆ ಐದಾದರೆ ಸಾಕು, ಅಂಗಳ ದಾಟಿ ಕಣಕ್ಕೆ ಹೊರಡುತ್ತಾರೆ. ಮಂಜು ಬೀಳುವ ಮೊದಲು ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಬೇಕಂತೆ. ಜೂನ್ ತಿಂಗಳಲ್ಲಿ ಎಲ್ಲಿಯ ಕಾಫಿ? ಕಣದಲ್ಲಿ ಪಾಚಿ ಬಿಟ್ಟರೆ ಏನೂ ಇಲ್ಲ. ಅಪ್ಪ ಓಡಿಹೋಗಿ ರಟ್ಟೆ ಹಿಡಿದು ಎಳೆದು ತರುತ್ತಿದ್ದರು, ಗದರುತ್ತಿದ್ದರು. ಆಮೇಲೆ ಗೇಟಿಗೆ ಬೀಗವೂ ಬಂತು. ಅಪ್ಪನಿಗೆ ಕರುಣೆಯೇ ಇಲ್ಲ ಎಂದು ನಾನು ಅವರೊಡನೆ ಮಾತು ಬಿಟ್ಟಿದ್ದೆ.

ನೆನಪು ಹೋದವರ ಪಾತ್ರವೆಂದರೆ ಶೂನ್ಯ ನೋಟ, ನಡುಗುವ ಕೈ ಎಂದುಕೊಂಡಿದ್ದೆ. ನೀವು ಹಾಗೆ ಮಾಡಲೇ ಇಲ್ಲ. ನಿಮ್ಮನ್ನು ಹಿಡಿದಿಟ್ಟುಕೊಂಡ ರೌಡಿಗಳ ನಡುವೆಯೂ ಕರಿ ನಾಯಿ, ಬಿಳಿ ನಾಯಿಯ ಕಥೆ ಹೇಳುತ್ತೀರಿ. ದನಿಯಲ್ಲಿ ಗೊಂದಲದ ಸುಳಿವೂ ಇಲ್ಲ. ಅದನ್ನು ನೋಡಿದಾಗ ಅಜ್ಜನ ಮುಖ ಹೊಳೆಯಿತು. ಕಣಕ್ಕೆ ಹೋಗುವಾಗ ಅವರೂ ಗೊಂದಲದಲ್ಲಿರುವುದಿಲ್ಲ. ಅವರ ಪಾಲಿಗೆ ಅದು ಯಾವುದೋ ಜನವರಿ, ಹಣ್ಣು ಹರಡಿದೆ, ಆಳುಗಳು ಮನೆಗೆ ಹೋಗಿದ್ದಾರೆ, ಕೆಲಸ ಬಾಕಿ ಇದೆ. ಬೇರೆ ವರ್ಷದಲ್ಲಿ ಇರುವವರನ್ನು ನಾವು ಈ ವರ್ಷಕ್ಕೆ ರಟ್ಟೆ ಹಿಡಿದು ಎಳೆಯುತ್ತಿದ್ದೆವು.

ಮಗನ ಪಾತ್ರವನ್ನು ನಾನು ಮೊದಲು ಬೈದುಕೊಂಡೇ ನೋಡಿದೆ. ಆದರೆ ಅವನು ಕಾಣೆಯಾದ ತಂದೆಗಾಗಿ ಗೋಡೆಗೋಡೆಗೆ ಪೋಸ್ಟರ್ ಅಂಟಿಸುವಾಗ, ನನ್ನ ಪಕ್ಕದಲ್ಲಿದ್ದ ಅಪ್ಪ ಎದ್ದು ಹೊರಗೆ ಹೋದರು. ಜಗಲಿಯಲ್ಲಿ ನಿಂತು ಬೀಗವನ್ನು ಎಳೆದು ನೋಡುತ್ತಿದ್ದರು. ಹಿಂದೊಮ್ಮೆ ಅಜ್ಜ ಕತ್ತಲಾದರೂ ಸಿಗದೆ, ಆನೆ ಓಡಾಡುವ ತೋಟದಲ್ಲಿ ಟಾರ್ಚ್ ಹಿಡಿದು ಅಪ್ಪ ಒಬ್ಬರೇ ಹುಡುಕಿದ್ದರು ಎಂದು ಅಮ್ಮ ಆ ರಾತ್ರಿ ಹೇಳಿದಳು. ನಾನಾಗ ಹಾಸ್ಟೆಲಿನಲ್ಲಿದ್ದೆ, ನನಗೆ ಯಾರೂ ಹೇಳಿರಲಿಲ್ಲ. ಗದರಿಕೆಯೆಲ್ಲ ಆ ರಾತ್ರಿಯ ಹೆದರಿಕೆ, ಸರ್.

ಈಗ ಗೇಟಿಗೆ ಬೀಗ ಹಾಗೆಯೇ ಇದೆ. ಅದು ಬೇಕು. ಆದರೆ ಐದು ಗಂಟೆಗೆ ಅಪ್ಪನೇ ಅಜ್ಜನನ್ನು ಕಣಕ್ಕೆ ಕರೆದುಕೊಂಡು ಹೋಗುತ್ತಾರೆ, ಇಬ್ಬರೂ ಸೇರಿ ಖಾಲಿ ನೆಲಕ್ಕೆ ಟಾರ್ಪಾಲು ಹಾಸಿ ಬರುತ್ತಾರೆ. ನೋಡಿದವರು ನಗುತ್ತಾರೆ, ನಗಲಿ.

ಈ ಜನವರಿಯಲ್ಲಿ ನಿಜವಾದ ಕಾಫಿ ಹರಡಿತ್ತು. ಒಣಗಿದ ಹಣ್ಣನ್ನು ಒಂದು ಹಿಡಿ ತೆಗೆದು ಅಜ್ಜನ ಕೈಗೆ ಹಾಕಿದೆ. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ನನ್ನ ಹೆಸರು ನೆನಪಿಲ್ಲದ ಅಜ್ಜ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು.

‘ಇನ್ನೂ ಎರಡು ಬಿಸಿಲು ಬೇಕು,’ ಎಂದರು. ಅಪ್ಪ ಎರಡು ದಿನ ಕಾದರು.