ಜಪಾನಿಗೆ ಪ್ಯಾಕೇಜ್ ಅಗತ್ಯವೇ?

"ಅಪ್ಪ ಅಮ್ಮನ ಜೊತೆ ಮೊದಲ ಸಲ ಜಪಾನಿಗೆ ಹೊರಟಿದ್ದೇವೆ. ಪ್ಯಾಕೇಜ್ ತೆಗೆದುಕೊಳ್ಳುವುದೋ, ನಾವೇ ಯೋಜಿಸಿಕೊಳ್ಳುವುದೋ?"

ಟೋಕಿಯೊ, ಕ್ಯೋಟೊ ಎರಡೇ ಆದರೆ ನೀವೇ ಯೋಜಿಸಿಕೊಳ್ಳಿ ಎಂದೇ ಹೇಳುತ್ತೇನೆ. ರೈಲು ನಿಲ್ದಾಣಗಳಲ್ಲಿ ಫಲಕಗಳು ಇಂಗ್ಲಿಷಿನಲ್ಲೂ ಇರುತ್ತವೆ. ದಾರಿ ತಪ್ಪುವುದೇ ಕಷ್ಟ.

ಪ್ಯಾಕೇಜ್ ಮಾರುವವರು ಏಳು ದಿನದ ರೈಲ್ ಪಾಸ್ ಸೇರಿದೆ ಎಂದು ಆಸೆ ಹುಟ್ಟಿಸಿದರೆ ಲೆಕ್ಕ ಹಾಕಿ. 2023ರ ಅಕ್ಟೋಬರಿನಲ್ಲಿ ಅದರ ಬೆಲೆ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಹೋಗಿಬರಲು ಸುಮಾರು 28,000 ಯೆನ್ ಸಾಕು. ಉಳಿದದ್ದು ಯಾರ ಜೇಬಿಗೆ?

ಫ್ಯೂಜಿ ಪರ್ವತದ ವಿಷಯವೇ ಬೇರೆ. ಅದು ಮೋಡದಲ್ಲಿ ಮುಖ ಮುಚ್ಚಿಕೊಂಡಿರುವ ದಿನಗಳು ಬಹಳ, ಬೇಸಿಗೆಯಲ್ಲಂತೂ ಕೇಳಲೇಬೇಡಿ. ಪ್ಯಾಕೇಜಿನಲ್ಲಿ ದಿನ ಮೊದಲೇ ನಿಗದಿ. ಮಳೆ ಬಂದರೂ ಬಸ್ ಹೊರಡುತ್ತದೆ. ನೀವೇ ಹೋಗುವುದಾದರೆ ಒಂದೆರಡು ದಿನ ಮೊದಲು ಹವಾಮಾನ ನೋಡಿ, ಟೋಕಿಯೊದ ಶಿಂಜುಕುವಿನಿಂದ ಪರ್ವತದ ಬುಡದಲ್ಲಿರುವ ಕವಾಗುಚಿಕೊಗೆ ನೇರ ಬಸ್ ಹಿಡಿಯಬಹುದು. ಎರಡು ಗಂಟೆಯ ಹಾದಿ. ಬೆಳಿಗ್ಗೆ ಬೇಗ ಹೊರಡಿ. ವಾರಾಂತ್ಯವಾದರೆ ಸೀಟು ಬೇಗ ತುಂಬುತ್ತದೆ.

ಅಪ್ಪ ಅಮ್ಮ ಕಟ್ಟಾ ಸಸ್ಯಾಹಾರಿಗಳಾದರೆ ಮಾತ್ರ ನನ್ನ ಧೈರ್ಯ ಕುಗ್ಗುತ್ತದೆ. ತರಕಾರಿ ಮಾತ್ರ ಕಾಣುವ ಸೂಪಿಗೂ ಸಾಮಾನ್ಯವಾಗಿ ಒಣಮೀನಿನ ಸಾರವೇ ತಳಹದಿ. ಆಗ ಅಡುಗೆಮನೆ ಇರುವ ವಸತಿ ನೋಡಿ, ಅವಲಕ್ಕಿ ಕಟ್ಟಿಕೊಳ್ಳಿ.